ನಿಘಂಟು ಬದಿಗಿಡಿ, ಪೆನ್ಸಿಲ್ ಹಿಡಿಯಿರಿ: ಕಲಿತ ಭಾಷೆಯಲ್ಲಿ ಕಾದಂಬರಿ ಓದುವ ಬಗೆ

ಕಲಿತ ಭಾಷೆಯಲ್ಲಿ ಮೊದಲ ಕಾದಂಬರಿ ಕೈಗೆತ್ತಿಕೊಂಡವರಲ್ಲಿ ಹೆಚ್ಚಿನವರು ಇಪ್ಪತ್ತನೆಯ ಪುಟದ ಆಸುಪಾಸಿನಲ್ಲಿ ಕೈಬಿಡುತ್ತಾರೆ. ಭಾಷೆ ಬಾರದು ಎಂಬುದೊಂದೇ ಅದಕ್ಕೆ ಕಾರಣವಲ್ಲ. ಸಾಲಿಗೊಮ್ಮೆ ನಿಘಂಟು ತೆರೆದರೆ, ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಅದರ ಆರಂಭ ಮರೆತಿರುತ್ತದೆ. ಕಥೆ ಓಡುವುದೇ ಇಲ್ಲ. ಹಾಗೆಂದು ಎಲ್ಲ ಪದಗಳನ್ನೂ ಹಾರಿಸಿಕೊಂಡು ಹೋದರೆ ಪುಟ ತಿರುಗುತ್ತದೆಯೇ ಹೊರತು ತಲೆಗೇನೂ ಇಳಿಯುವುದಿಲ್ಲ. ಯಾವ ಪದವನ್ನು ಬಿಡಬೇಕು, ಯಾವುದಕ್ಕೆ ನಿಲ್ಲಬೇಕು ಎಂದು ಓದುತ್ತಲೇ ತೀರ್ಮಾನಿಸುವುದನ್ನು ರೂಢಿ ಮಾಡಿಕೊಳ್ಳಬೇಕು.

ಮೊದಲು ಪುಸ್ತಕವನ್ನು ಅಳೆಯಿರಿ

ಈ ವಿಧಾನ ಎಲ್ಲ ಪುಸ್ತಕಗಳಿಗೂ ನಡೆಯದು. 2000ರಲ್ಲಿ ಮಾರ್ಸೆಲಾ ಹೂ ಮತ್ತು ಪಾಲ್ ನೇಷನ್ ಎಂಬ ಸಂಶೋಧಕರು ಇಂಗ್ಲಿಷ್ ಕಲಿಯುತ್ತಿದ್ದವರಿಗೆ ಒಂದು ಕಥೆ ಕೊಟ್ಟು ಪರೀಕ್ಷಿಸಿದರು. ಕಥೆಯ ಕೆಲವು ಪದಗಳನ್ನು ತೆಗೆದು, ಆ ಜಾಗದಲ್ಲಿ ಅರ್ಥವೇ ಇಲ್ಲದ ಹುಸಿ ಪದಗಳನ್ನು ಇಟ್ಟಿದ್ದರು. ಐದರಲ್ಲಿ ಒಂದು ಪದ ಹುಸಿಯಾಗಿದ್ದಾಗ ಯಾರಿಗೂ ಕಥೆ ಸರಿಯಾಗಿ ದಕ್ಕಲಿಲ್ಲ. ನೂರಕ್ಕೆ ತೊಂಬತ್ತೆಂಟರಷ್ಟು ಪದಗಳು ಗೊತ್ತಿದ್ದರೆ ಹೆಚ್ಚಿನವರು ಯಾರ ನೆರವೂ ಇಲ್ಲದೆ ಓದಿಕೊಳ್ಳಬಲ್ಲರು ಎಂಬುದು ಅವರ ತೀರ್ಮಾನ.

ಇದನ್ನು ಪುಟದ ಲೆಕ್ಕಕ್ಕೆ ತನ್ನಿ. ಪುಟದಲ್ಲಿ 300 ಪದಗಳಿದ್ದರೆ ಗೊತ್ತಿಲ್ಲದವು ಆರು ಇರಬಹುದು. ಪುಸ್ತಕದ ನಡುವಿನಿಂದ ಮೂರು ಪುಟ ಆರಿಸಿಕೊಂಡು ಎಣಿಸಿ ನೋಡಿ. ಮೊದಲ ಪುಟದಿಂದ ಪುಸ್ತಕದ ಕಷ್ಟ ಗೊತ್ತಾಗುವುದಿಲ್ಲ. ಐದಾರು ಬಂದರೆ ಹಾಯಾಗಿ ಓದಬಹುದು. ಹತ್ತು ಹದಿನೈದು ಬಂದರೂ ಮುಂದೆ ಹೇಳುವ ಕ್ರಮದಲ್ಲಿ, ಸ್ವಲ್ಪ ಏದುಸಿರು ಬಿಟ್ಟು, ಮುಗಿಸಬಹುದು. ಮೂವತ್ತು ಬಂದರೆ ಆ ಪುಸ್ತಕವನ್ನು ಮತ್ತೆ ಕಪಾಟಿನಲ್ಲಿಡಿ. ಅಲ್ಲಿ ಊಹೆಗೆ ಆಧಾರವಾಗಬೇಕಾದ ಪದಗಳೂ ಅಪರಿಚಿತವಾಗಿರುತ್ತವೆ.

ಮೊದಲ ಅಧ್ಯಾಯಕ್ಕೆ ವಿನಾಯಿತಿ

ಮೊದಲ ಹತ್ತು ಹದಿನೈದು ಪುಟಗಳಲ್ಲಿ ನಿಘಂಟನ್ನು ಧಾರಾಳವಾಗಿ ನೋಡಿ. ಕಥೆ ನಡೆಯುವ ಮನೆ, ಊರು, ಕಸುಬು, ಹವೆ ಇವುಗಳ ಪದಗಳು ಅಲ್ಲಿಯೇ ಬಂದು, ಆಮೇಲೆ ಪುಸ್ತಕದುದ್ದಕ್ಕೂ ಮರುಕಳಿಸುತ್ತವೆ. ಹಡಗಿನ ಕಥೆಯಾದರೆ ಹಗ್ಗ, ಪಟ, ಅಟ್ಟಗಳ ಹೆಸರುಗಳು ನೂರಾರು ಸಲ ಎದುರಾಗುತ್ತವೆ; ಒಮ್ಮೆ ನೋಡಿದ ಶ್ರಮ ಅಷ್ಟೂ ಸಲ ಉಪಯೋಗಕ್ಕೆ ಬರುತ್ತದೆ. ಪ್ರತಿ ಲೇಖಕರಿಗೂ ಕೆಲವು ಮೆಚ್ಚಿನ ಪದಗಳಿರುತ್ತವೆ. ಅವೂ ಬೇಗನೆ ಮುಖ ತೋರಿಸುತ್ತವೆ. ಪಾತ್ರಗಳ ಹೆಸರು, ಸಂಬಂಧಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಗೊಂದಲ ಹುಟ್ಟಿದಾಗ ಎಷ್ಟೋ ಸಲ ಅದಕ್ಕೆ ಕಾರಣ ಪದವಲ್ಲ, ಯಾರು ಯಾರ ಸೋದರನೆಂದು ಮರೆತಿರುವುದು.

ಚುಕ್ಕೆ ಇಡಿ, ಮುಂದೆ ಸಾಗಿ

ಇನ್ನು ಮುಂದೆ ನಿಘಂಟು ಪಕ್ಕದ ಕೋಣೆಯಲ್ಲಿರಲಿ. ಗೊತ್ತಿಲ್ಲದ ಪದ ಬಂದಾಗ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟು ಪ್ಯಾರಾದ ಕೊನೆಯವರೆಗೆ ಓದಿ. ಪದದ ಮೇಲೆ ಅರ್ಥ ಬರೆಯುವ ಚಟ ಬೇಡ. ಮರುಓದಿನಲ್ಲಿ ಕಣ್ಣು ನೇರವಾಗಿ ಆ ಅರ್ಥದ ಮೇಲೆ ಬೀಳುತ್ತದೆ, ಮೂಲ ಪದ ಅಪರಿಚಿತವಾಗಿಯೇ ಉಳಿಯುತ್ತದೆ.

ಹುಸಿ ಪದಗಳ ಆ ಉಪಾಯವನ್ನು ಕನ್ನಡದಲ್ಲೇ ಮಾಡಿ ನೋಡೋಣ:

“ಗೇಟಿನ ಬಳಿ ನಿಂತು ಅವಳು ಲಾಪಣವನ್ನು ಕಿವಿಯವರೆಗೆ ಎಳೆದುಕೊಂಡಳು. ಮಳೆ ನಿಂತಿದ್ದರೂ ಗಾಳಿ ಕೊರೆಯುತ್ತಿತ್ತು. ಅಣ್ಣ ಜವುರನೆ ಹೊರಬಂದು ಕೈಯಲ್ಲಿದ್ದ ಕಾಗದವನ್ನು ಅವಳ ಮುಂದೆ ಹಿಡಿದ. ಅವಳು ಓದಿದಳು, ಮತ್ತೊಮ್ಮೆ ಓದಿದಳು. ಆಮೇಲೆ ಮಾತೇ ಆಡದೆ ಅದನ್ನು ಝಮಿಸಿದಳು. ಅಣ್ಣನ ಮುಖ ಬಿಳಿಚಿಕೊಂಡಿತು.”

ಲಾಪಣ ಎಂದರೇನು? ಕಿವಿಯವರೆಗೆ ಎಳೆದುಕೊಳ್ಳುವಂಥದ್ದು, ಚಳಿಗೆ ಬೇಕಾದದ್ದು. ಶಾಲೋ ಟೋಪಿಯೋ ಕೋಟಿನ ಕಾಲರೋ, ಯಾವುದಾದರೂ ಕಥೆಗೆ ವ್ಯತ್ಯಾಸವಾಗದು. ಇದನ್ನು ಬಿಡಬಹುದು. ಅಣ್ಣ ಹೊರಬಂದ ಪರಿಯನ್ನು ‘ಜವುರನೆ’ ಹೇಳುತ್ತದೆ: ಬೇಗನೆ ಬಂದನೋ ಮೆಲ್ಲನೆ ಬಂದನೋ ತಿಳಿಯದು, ಆದರೆ ಬಂದದ್ದು ಖಚಿತ. ಬಣ್ಣ ಸ್ವಲ್ಪ ಮಾಸುತ್ತದೆ, ಘಟನೆ ಉಳಿಯುತ್ತದೆ. ಇದನ್ನೂ ಬಿಡಿ. ಮೂರನೆಯದು ಮಾತ್ರ ಬೇರೆ ಜಾತಿಯದು. ಅವಳು ಕಾಗದಕ್ಕೆ ಸಹಿ ಹಾಕಿದಳೇ, ಹರಿದಳೇ, ಮಡಿಸಿ ಹಿಂದಕ್ಕೆ ಕೊಟ್ಟಳೇ? ಅಣ್ಣನ ಮುಖ ಬಿಳಿಚಿಕೊಳ್ಳಲು ಇವುಗಳಲ್ಲಿ ಯಾವುದಾದರೂ ಸಾಕು. ಕಥೆ ಆ ಕ್ರಿಯಾಪದದ ಮೇಲೆ ನಿಂತಿದೆ.

ಆದರೂ ತಕ್ಷಣ ನಿಘಂಟಿಗೆ ಏಳಬೇಡಿ. ಮುಂದಿನ ಪ್ಯಾರಾ “ಚೂರುಗಳನ್ನು ಗಾಳಿ ಗೇಟಿನಾಚೆಗೆ ಒಯ್ದಿತು” ಎಂದು ಆರಂಭವಾದರೆ ಉತ್ತರ ತಾನಾಗಿಯೇ ಸಿಕ್ಕಿತು. ಇನ್ನೊಂದು ಪುಟ ಓದಿದರೂ ಸಿಗದಿದ್ದರೆ ಮಾತ್ರ ನಿಲ್ಲಿ. ಗಮನಿಸಿದರೆ, ಊಹೆಗೆ ನೆರವಾದದ್ದು ಹುಸಿ ಪದದ ರೂಪವಲ್ಲ, ಎಡಬಲದ ಪದಗಳು. ರೂಪವನ್ನು ನಂಬಿದವರು ಆಗಾಗ ಮೋಸಹೋಗುತ್ತಾರೆ: ತಮ್ಮ ಭಾಷೆಯ ಪದದಂತೆಯೇ ಕೇಳುವ, ಆದರೆ ಬೇರೆಯೇ ಅರ್ಥದ ಪದವನ್ನು ಗೊತ್ತಿರುವುದೆಂದೇ ಓದಿಬಿಡುತ್ತಾರೆ. ಅಂಥ ಪದಕ್ಕೆ ಚುಕ್ಕೆಯೂ ಬೀಳುವುದಿಲ್ಲ. ಚೆನ್ನಾಗಿ ಗೊತ್ತಿರುವ ಪದವೊಂದು ವಾಕ್ಯದಲ್ಲಿ ಕೂರಲೊಲ್ಲದು ಎನಿಸಿದರೆ ಮೊದಲು ಅದನ್ನೇ ಅನುಮಾನಿಸಿ.

ಯಾವುದಕ್ಕೆ ನಿಲ್ಲಬೇಕು

ನಿಲ್ಲಲು ಎರಡು ಕಾರಣ ಸಾಕು. ಮೇಲಿನಂತೆ ಘಟನೆ ಒಂದು ಪದದ ಮೇಲೆ ನಿಂತಿದ್ದರೆ ಒಂದು. ಅದೇ ಪದಕ್ಕೆ ಮೂರನೆಯ ಚುಕ್ಕೆ ಬಿದ್ದರೆ ಇನ್ನೊಂದು. ಮೂರು ಸಲ ಬಂದದ್ದು ಇನ್ನೂ ಬರುವ ಸಂಭವ ಹೆಚ್ಚು. ಅಷ್ಟರಲ್ಲಿ ಮೂರು ಸಂದರ್ಭಗಳಲ್ಲಿ ಅದನ್ನು ಕಂಡಿರುವುದರಿಂದ ಅರ್ಥವೂ ಮನಸ್ಸಿನಲ್ಲಿ ನಿಲ್ಲುತ್ತದೆ.

ಒಂದು ವರ್ಗದ ಪದಗಳಿಗೆ ಮಾತ್ರ ಈ ತಾಳ್ಮೆ ಬೇಡ: ಹೊರತು, ಆದರೂ, ಅಷ್ಟರೊಳಗೆ ಎಂಬಂಥ ಜೋಡಿಸುವ ಪದಗಳು. ನೋಡಲು ಚಿಕ್ಕವು, ನಿರುಪದ್ರವಿಗಳಂತೆ ಕಾಣುತ್ತವೆ. ಆದರೆ “ಅವನು ಬಾರದ ಹೊರತು ಬಾಗಿಲು ತೆಗೆಯುವುದಿಲ್ಲ” ಎಂಬಲ್ಲಿ ‘ಹೊರತು’ ಗೊತ್ತಿಲ್ಲದವರಿಗೆ, ಅವನು ಬಂದರೆ ಬಾಗಿಲು ತೆಗೆಯುತ್ತಾರೋ ಇಲ್ಲವೋ ಎಂಬುದೇ ತಿಳಿಯದು. ಇವುಗಳ ಅರ್ಥವನ್ನು ಸಂದರ್ಭದಿಂದ ಊಹಿಸುವುದೂ ಕಷ್ಟ. ಕಂಡ ಕೂಡಲೇ ನೋಡಿಬಿಡಿ.

ಅಧ್ಯಾಯ ಮುಗಿದ ಮೇಲೆ ಚುಕ್ಕೆಗಳತ್ತ ಹಿಂದಿರುಗಿ. ಅರ್ಧದಷ್ಟು ಈಗಾಗಲೇ ಬಿಡಿಸಿಕೊಂಡಿರಬಹುದು. ಉಳಿದವುಗಳಲ್ಲಿ ಐದಾರನ್ನು ನೋಡಿ, ನಿಮ್ಮ ಊಹೆಯೊಂದಿಗೆ ಹೋಲಿಸಿ, ಸಾಕು. ಎಲ್ಲವನ್ನೂ ಪಟ್ಟಿ ಮಾಡಹೊರಟರೆ ನಾಳೆ ಕಾದಂಬರಿಯ ಬದಲು ಪಟ್ಟಿಯೇ ಕಾಯುತ್ತಿರುತ್ತದೆ. ಇ-ರೀಡರ್‌ನಲ್ಲಿ ಓದುವವರಿಗೆ ಇದು ಇನ್ನೂ ಕಷ್ಟ. ಬೆರಳಿಟ್ಟರೆ ಅರ್ಥ ಬರುವಾಗ ಬೆರಳನ್ನು ತಡೆಯುವುದು ಸುಲಭವಲ್ಲ. ಪದವನ್ನು ಹೈಲೈಟ್ ಮಾಡಿ ಬಿಟ್ಟುಬಿಡಿ, ಅದೇ ಅಲ್ಲಿಯ ಚುಕ್ಕೆ.

ಹಳಿ ತಪ್ಪಿದ್ದು ಹೇಗೆ ತಿಳಿಯುತ್ತದೆ

ಎರಡು ಮೂರು ಪುಟಕ್ಕೊಮ್ಮೆ ಪುಸ್ತಕ ಮುಚ್ಚಿ ಕೇಳಿಕೊಳ್ಳಿ: ಈಗ ಯಾರು ಎಲ್ಲಿದ್ದಾರೆ, ಅವರಿಗೆ ಏನು ಬೇಕು, ಹಿಂದಿನ ಪುಟಕ್ಕೂ ಇದಕ್ಕೂ ಏನು ಬದಲಾಯಿತು? ವಾತಾವರಣವಷ್ಟೇ ನೆನಪಿದ್ದು ಘಟನೆ ಹೊಳೆಯದಿದ್ದರೆ ಅತಿಯಾಗಿ ಹಾರಿಸಿದ್ದೀರಿ ಎಂದರ್ಥ. ಕೊನೆಯ ಸಲ ಎಲ್ಲವೂ ಸ್ಪಷ್ಟವಾಗಿದ್ದ ಜಾಗಕ್ಕೆ ಹಿಂದಿರುಗಿ, ಅಲ್ಲಿಂದ ಈಚೆಗಿನ ಕ್ರಿಯಾಪದಗಳನ್ನು ಮಾತ್ರ ನಿಘಂಟಿನಲ್ಲಿ ನೋಡಿ ಮತ್ತೆ ಓದಿ. ವರ್ಣನೆಯ ಪುಟಗಳಿಗೆ ಈ ಪರೀಕ್ಷೆ ಬೇಡ. ಕಾಡಿನ ಮರಗಳ ಹೆಸರು ಗೊತ್ತಿಲ್ಲದಿದ್ದರೂ ಅದು ಕಾಡೆಂದು ತಿಳಿದರೆ ನಡೆದೀತು. ಮಾತಿನ ಚಮತ್ಕಾರದಲ್ಲೇ ಬದುಕುವ ಕಾದಂಬರಿಗಳಿಗೂ ಕಾವ್ಯಮಯ ಗದ್ಯಕ್ಕೂ ಈ ಕ್ರಮ ಹೊಂದುವುದಿಲ್ಲ. ಬಿಟ್ಟ ಪದದಲ್ಲೇ ಅವುಗಳ ರುಚಿ ಇರಬಹುದು.

ಐವತ್ತನೆಯ ಪುಟ ತಲುಪಿದಾಗ ಇನ್ನೊಮ್ಮೆ ಚುಕ್ಕೆ ಎಣಿಸಿ, ಇಪ್ಪತ್ತನೆಯ ಪುಟದ ಚುಕ್ಕೆಗಳೊಂದಿಗೆ ಹೋಲಿಸಿ. ಕಡಿಮೆಯಾಗಿದ್ದರೆ ಲೇಖಕರ ಪದಸಂಪತ್ತು ನಿಮಗೆ ಒಗ್ಗುತ್ತಿದೆ. ಅಷ್ಟೇ ಇದ್ದು ಕಥೆ ಹಿಡಿದಿಟ್ಟಿದ್ದರೆ ಮುಂದುವರಿಸಿ. ಹೆಚ್ಚಾಗಿದ್ದು ಮೇಲಿನ ಮೂರು ಪ್ರಶ್ನೆಗಳಿಗೂ ಉತ್ತರ ತೋಚದಿದ್ದರೆ, ಪುಟದ ಗುರುತು ಇಟ್ಟು, ಅದೇ ಲೇಖಕರ ಇನ್ನೂ ಸಣ್ಣ ಪುಸ್ತಕವೊಂದನ್ನು ಎತ್ತಿಕೊಳ್ಳಿ.