ಡಬ್ಬದ ಫೋಟೋದಿಂದಲೇ ಕೊರಿಯರ್ ಚಾರ್ಜು: ಕೊನೆಗೂ ತಾಳೆಯಾದ ನನ್ನ ಲೆಕ್ಕ

ಫೋಟೋ ನೋಡಿ ಚಾರ್ಜು ಹೇಳುವುದು ಆಗದ ಮಾತು, ಬಿಲ್ ಬಂದಾಗ ಹೇಗೂ ಬದಲಾಗುತ್ತದೆ ಎಂದವರೇ ಹೆಚ್ಚು. ಈಗ ನಾನು ಹಾಕುವ ಲೆಕ್ಕ ಹತ್ತರಲ್ಲಿ ಒಂಬತ್ತು ಸಲವಾದರೂ ಬಿಲ್ಲಿಗೆ ಹೊಂದುತ್ತದೆ. ಭಾಗಾಕಾರ ಯಾರಿಗಾದರೂ ಬರುತ್ತದೆ. ಹಣ ಹೋಗುವುದು ಡಬ್ಬದ ಮೇಲೆ ಬರೆದ ಮೂರು ಅಂಕಿಗಳಲ್ಲಿ.

ಚನ್ನಪಟ್ಟಣದ ಗೊಂಬೆಗಳ ಒಂದು ಪಾರ್ಸೆಲ್ ತೆಗೆದುಕೊಳ್ಳಿ, ಬೆಂಗಳೂರಿನಿಂದ ದೆಹಲಿಗೆ. ಫೋಟೋದಲ್ಲಿ ಮಾರ್ಕರ್‌ನಿಂದ ಬರೆದದ್ದು 34, 26, 21 ಸೆಂ.ಮೀ. ತಕ್ಕಡಿಯಲ್ಲಿ 2.3 ಕೆಜಿ. ಮೂರನ್ನೂ ಗುಣಿಸಿದರೆ 18,564, ಅದನ್ನು 5000ದಿಂದ ಭಾಗಿಸಿದರೆ 3.71 ಕೆಜಿ. ಇದು ಡಬ್ಬದ ಗಾತ್ರದಿಂದ ಬರುವ ತೂಕ. ತಕ್ಕಡಿಯ ತೂಕಕ್ಕಿಂತ ಹೆಚ್ಚು, ಹಾಗಾಗಿ ಚಾರ್ಜು ಇದರ ಮೇಲೆಯೇ. ಸ್ಲ್ಯಾಬ್ ಅರ್ಧ ಕೆಜಿಯದು, ಏರುವುದು ಮೇಲಕ್ಕೆ ಮಾತ್ರ. 3.71 ಅಂದರೆ 4 ಕೆಜಿ, 3.5 ಅಲ್ಲ. ಶುರುವಿನಲ್ಲಿ ನಾನು ಹತ್ತಿರದ ಅರ್ಧಕ್ಕೆ ಹೊಂದಿಸುತ್ತಿದ್ದೆ. ಪ್ರತಿ ಎರಡನೇ ಪಾರ್ಸೆಲ್‌ಗೆ ಒಂದು ಸ್ಲ್ಯಾಬ್ ಕೈಬಿಡುತ್ತಿತ್ತು.

ಕೊರಿಯರ್‌ನವರು ಕೊಟ್ಟ ನನ್ನ ದರದ ಕಾರ್ಡಿನಲ್ಲಿ ದೆಹಲಿಯ ವಲಯಕ್ಕೆ ಮೊದಲ ಅರ್ಧ ಕೆಜಿಗೆ 60 ರೂಪಾಯಿ, ಆಮೇಲಿನ ಪ್ರತಿ ಅರ್ಧಕ್ಕೆ 45. ಫ್ಯೂಯೆಲ್ ಸರ್‌ಚಾರ್ಜ್ 15 ಶೇಕಡಾ. ಜಿಎಸ್‌ಟಿ 18 ಶೇಕಡಾ, ಅದೂ ಸರ್‌ಚಾರ್ಜ್ ಸೇರಿದ ಮೊತ್ತದ ಮೇಲೆ. ಶೀಟಿನಲ್ಲಿ B, C, D ಅಳತೆ, E ತೂಕ. F2ರಲ್ಲಿ ಮೊದಲ ಸಾಲು, G2ರಲ್ಲಿ ಎರಡನೆಯದು:

```
=CEILING(MAX(B2*C2*D2/5000, E2), 0.5)
=(60+(F2/0.5-1)*45)*1.15*1.18
```

ಬರುವುದು ಸುಮಾರು 509 ರೂಪಾಯಿ. ಬರೀ ತಕ್ಕಡಿ ನಂಬಿ ಗ್ರಾಹಕರಿಂದ 2.5 ಕೆಜಿಯ ದರ ತೆಗೆದುಕೊಂಡಿದ್ದರೆ 326 ಸಿಗುತ್ತಿತ್ತು, 183 ನಮ್ಮ ಜೇಬಿನಿಂದ. ಕಾರ್ಡಿನ ಅಡಿಯಲ್ಲಿ ಸಣ್ಣಕ್ಷರದಲ್ಲಿ ಭಾಜಕ ಇರುತ್ತದೆ, ಮೊದಲು ಅದನ್ನು ಓದಿ. ಅಲ್ಲಿ 4500 ಎಂದಿದ್ದರೆ ಇದೇ ಡಬ್ಬ 4.13 ಆಗಿ 4.5ರ ಸ್ಲ್ಯಾಬಿಗೆ ಹತ್ತುತ್ತದೆ.

ಇನ್ನು ಫೋಟೋ. ಹೆಚ್ಚು ಕಾಡಿದ್ದು ಅಂಗಡಿಯ ಅಳತೆ. ಹೊಸ ಡಬ್ಬದ ಮೇಲಿನ ಅಂಕಿ ಸಾಮಾನ್ಯವಾಗಿ ಒಳಗಿನ ಅಳತೆ, ಕೊರಿಯರ್‌ನವರು ಅಳೆಯುವುದು ಹೊರಗಿನದು. ಮೂರು ಪ್ಲೈ ಡಬ್ಬಕ್ಕೆ ಉದ್ದ ಅಗಲಗಳಲ್ಲಿ ಅರ್ಧ ಸೆಂ.ಮೀ.ಗಿಂತ ತುಸು ಹೆಚ್ಚು, ಮೇಲೂ ಕೆಳಗೂ ರೆಕ್ಕೆ ಎರಡು ಪದರ ಆಗುವುದರಿಂದ ಎತ್ತರದಲ್ಲಿ ಒಂದರ ಮೇಲೆ ಹೋಗುತ್ತದೆ. ಅದಕ್ಕೂ ಕೆಟ್ಟದ್ದು ಉಬ್ಬು. ಮೇಲೆ ಹೇಳಿದ ಡಬ್ಬವನ್ನೇ ಒತ್ತಿ ತುಂಬಿ, ಅಂಚಿನಲ್ಲಿ ಟೇಪು ಹಿಡಿದರೆ 34, 26, 21. ಉಬ್ಬಿದ ಹೊಟ್ಟೆಯ ಮೇಲೆ ಹಿಡಿದರೆ 35, 27, 23. ಆಗ 4.35 ಆಗಿ 4.5 ಕೆಜಿ, ಬಿಲ್ 570. ಹಾಗಾಗಿ ಟೇಪು ಹೊಟ್ಟೆಯ ಮೇಲೆ, ಅಂಕಿ ಪೂರ್ಣ ಸೆಂ.ಮೀ.ಗೆ ಏರಿಸಿ, ಫೋಟೋ ಮೂರು ಮುಖ ಕಾಣುವ ಮೂಲೆಯಿಂದ.

ಇಂಚಿನಲ್ಲಿ ಬರೆದ ಡಬ್ಬಗಳೂ ಬರುತ್ತವೆ. 13, 10, 8 ಅನ್ನು 5000ಕ್ಕೆ ಭಾಗಿಸಿದರೆ 0.2 ಕೆಜಿ, ತಕ್ಕಡಿ 2.3 ಅನ್ನುವಾಗ ಅಷ್ಟು ಅಂತರ ಬಂದರೆ ಇಂಚಿನ ಗುಮಾನಿ ಇರಲಿ. ಇಂಚಿಗೆ ಭಾಜಕ 305. ಇನ್ನೊಂದು, ಅವಸರದ ಕೈಬರಹದಲ್ಲಿ 1 ಮತ್ತು 7. 21ನ್ನು 27 ಎಂದು ಓದಿದರೆ ಎರಡು ಸ್ಲ್ಯಾಬ್ ಹೆಚ್ಚು. ಅಂಕಿಯನ್ನು ಫೋಟೋದ ಆಕಾರಕ್ಕೆ ಹೋಲಿಸಿ ನೋಡಿ: ಎತ್ತರ ಅಗಲಕ್ಕಿಂತ ಕಡಿಮೆ ಕಂಡರೆ 26ರ ಪಕ್ಕದಲ್ಲಿ 27 ಕೂರುವುದಿಲ್ಲ.

ಅಂಕಿಯೇ ಬರೆಯದ ಫೋಟೋಗೆ ಎ4 ಹಾಳೆ ಅಂಟಿಸಿ ಅಳೆಯಲೂ ನೋಡಿದ್ದೆ. ಹಾಳೆ ಅಂಟಿದ ಮುಖದಲ್ಲಿ ತಪ್ಪು ಒಂದು ಸೆಂ.ಮೀ. ಒಳಗೇ ಇರುತ್ತದೆ, ಹಿಂದಕ್ಕೆ ಓಡುವ ಅಂಚು ಎರಡು ಮೂರು ಸೆಂ.ಮೀ. ತಪ್ಪುತ್ತದೆ. ಬಿಟ್ಟೆ.

ನಿಜವಾದ ಲಾಭ ಲೆಕ್ಕವನ್ನು ಹಿಂದುಮುಂದಾಗಿ ಹಾಕಿದಾಗ. 3.5 ಕೆಜಿಯ ಮಿತಿ 17,500. ಅದನ್ನು 34×26ರಿಂದ ಭಾಗಿಸಿದರೆ ಎತ್ತರ 19.8. ನಾಲ್ಕೂ ಮೂಲೆಗಳನ್ನು ಎರಡು ಸೆಂ.ಮೀ. ಸೀಳಿ, ರೆಕ್ಕೆ ಕೆಳಗೆ ಮಡಚಿ 19ಕ್ಕೆ ಇಳಿಸಿದರೆ ಒಂದು ಸ್ಲ್ಯಾಬ್, ತೆರಿಗೆ ಸೇರಿ 61 ರೂಪಾಯಿ ಉಳಿಯುತ್ತದೆ. 20ಕ್ಕೆ ನಿಲ್ಲಿಸಿದರೆ 3.54, ಪೈಸೆ ಉಳಿಯುವುದಿಲ್ಲ. ಮಡಚಿದ ಮೇಲೆ ಹೊಟ್ಟೆ ಉಬ್ಬದಂತೆ ಗೊಂಬೆಗಳನ್ನು ಜೋಡಿಸುವ ಬಗೆ ಮಾತ್ರ ನನ್ನಲ್ಲೇ ಇರಲಿ.

ಟೇಪು ಹಿಡಿದ ಫೋಟೋದಲ್ಲಿ ಏರ್‌ವೇ ಬಿಲ್ ನಂಬರೂ ಓದುವಂತಿರಲಿ. ಬಿಲ್ಲಿನ ತೂಕ ತಪ್ಪೆಂದು ವೇಟ್ ಡಿಸ್ಪ್ಯೂಟ್ ಎತ್ತಿದಾಗ ಕೊರಿಯರ್‌ನವರು ನಂಬರಿಲ್ಲದ ಫೋಟೋಗಳನ್ನು ವಾಪಸ್ ಕಳಿಸಿದರು, ನಂಬರಿದ್ದವುಗಳಿಗೆ ಹಣ ವಾಪಸಾಯಿತು.