ಮನೆಯಲ್ಲಿ ಚಿನ್ನು, ಶಾಲೆಯಲ್ಲಿ ಲಾಸ್ಯ: ದಾಖಲೆಗೆ ಯಾವ ಹೆಸರು, ಯಾವಾಗ?

ಒಂದನೇ ತರಗತಿಗೆ ಸೇರಿಸಲು ಬಂದವರ ಹತ್ತಿರ ನಾನು ಮೊದಲು ಕೇಳುವುದು ಮಗುವಿನ ಜನನ ಪ್ರಮಾಣಪತ್ರ, ಆಮೇಲೆ ಆಧಾರ್. ಎರಡನ್ನೂ ಪಕ್ಕಪಕ್ಕ ಇಟ್ಟು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ ನೋಡಿದ ಮೇಲೆಯೇ ದಾಖಲಾತಿ ಪುಸ್ತಕದಲ್ಲಿ ಹೆಸರು ಬರೆಯುವುದು. ಒಂದರಲ್ಲಿ ನಾಮಕರಣದ ಹೆಸರು, ಇನ್ನೊಂದರಲ್ಲಿ ಮನೆಯಲ್ಲಿ ಕರೆಯುವ ಹೆಸರು ಇರುವುದು ಅಪರೂಪವೇನಲ್ಲ.

ಇದಕ್ಕೆ ಕಾರಣ ಅಸಡ್ಡೆ ಒಂದೇ ಅಲ್ಲ. ಮಗುವಿಗೆ ತಾತನ ಹೆಸರಿಟ್ಟರೆ ಸೊಸೆ ಆ ಹೆಸರು ಹಿಡಿದು ಗದರಿಸುವ ಹಾಗಿಲ್ಲ. ಹಾಗಾಗಿ ಅಪ್ಪು, ಪುಟ್ಟ, ಚಿನ್ನು ಹುಟ್ಟಿಕೊಳ್ಳುತ್ತವೆ. ತಾಯಿ ಕಾರ್ಡಿನಲ್ಲೂ ಅಂಗನವಾಡಿ ಪುಸ್ತಕದಲ್ಲೂ ಅದೇ ಹೆಸರು ಸೇರಿರುತ್ತದೆ. ಅಲ್ಲಿದ್ದರೆ ದೊಡ್ಡ ತೊಂದರೆಯಿಲ್ಲ, ಮುಂದೆ ಯಾರೂ ಅವನ್ನು ಕೇಳುವುದಿಲ್ಲ. ಅದೇ ಹೆಸರು ಆಧಾರ್‌ಗೆ ಹೋದಾಗ ಗಂಟು ಬೀಳುತ್ತದೆ.

ನಿರ್ಧಾರ ಮಾಡಬೇಕಾದ ಹೊತ್ತು ಶಾಲೆಗೆ ಸೇರಿಸುವಾಗ ಎಂದು ಹೆಚ್ಚಿನವರು ತಿಳಿದಿದ್ದಾರೆ. ಅದು ಕೊನೆಯ ಗಡುವು ಅಷ್ಟೇ. ಸರಿಯಾದ ಹೊತ್ತು ಜನನ ಪ್ರಮಾಣಪತ್ರದಲ್ಲಿ ಹೆಸರು ಬರೆಸುವಾಗ. ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು, ಆದರೆ ಆಗಲೇ ಹೆಸರು ಇರಲೇಬೇಕೆಂದಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟು ನೋಂದಣಿ ಮಾಡಿಸಿ, 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಆಮೇಲೆ 15 ವರ್ಷದವರೆಗೂ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ಆಸ್ಪತ್ರೆಯಲ್ಲಿ ನಮೂನೆ ತುಂಬುವವರು ‘ಹೆಸರು ಏನು ಬರೀಲಿ’ ಅಂದಾಗ ಅವಸರಕ್ಕೆ ಏನೋ ಒಂದು ಹೇಳುವುದಕ್ಕಿಂತ ಖಾಲಿ ಬಿಡುವುದೇ ಮೇಲು. ಖಾಲಿ ಜಾಗ ತುಂಬುವುದು ಸಲೀಸು. ಒಮ್ಮೆ ಬರೆದ ಹೆಸರನ್ನು ಬದಲಿಸಲು ಹೋದರೆ ಅದು ತಪ್ಪಾಗಿ ನಮೂದಾಗಿತ್ತು ಎಂದು ತೋರಿಸಬೇಕು. ಮನಸ್ಸು ಬದಲಾಯಿತು ಅನ್ನುವುದು ಕಾರಣವಾಗುವುದಿಲ್ಲ.

2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳ ವಿಷಯದಲ್ಲಿ ಇದು ಇನ್ನೂ ಬಿಗಿ. ತಿದ್ದುಪಡಿಯಾದ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಶಾಲೆಗೆ ಸೇರಲು, ಚಾಲನಾ ಪರವಾನಗಿಗೆ, ಮತದಾರರ ಪಟ್ಟಿಗೆ ಹುಟ್ಟಿದ ದಿನಾಂಕಕ್ಕೂ ಸ್ಥಳಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿರುವ ಹೆಸರನ್ನು ಬಿಟ್ಟು ಬೇರೆ ಹೆಸರು ಚಾಲ್ತಿಗೆ ತಂದರೆ ಪ್ರತಿ ಸಲವೂ ವಿವರಣೆ ಕೊಡುತ್ತಲೇ ಇರಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹೊಸಹಳ್ಳಿಯ ಮಂಜುನಾಥ ಅವರ ಮಗಳು. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ. ಆಧಾರ್‌ನಲ್ಲಿ CHINNU. ಶಾಲೆಗೆ ಬಂದಾಗ ತಂದೆ ಹೇಳುವ ಹೆಸರು ಲಾಸ್ಯ ಎಚ್. ಎಂ. ಇಲ್ಲಿ ಶಾಲೆಯವರು ಬಾಯಿಮಾತು ನಂಬಿ ಲಾಸ್ಯ ಎಂದು ಬರೆದುಕೊಂಡರೆ ಅವತ್ತಿಗೆ ಕೆಲಸ ಮುಗಿಯುತ್ತದೆ. ಆದರೆ ವಿದ್ಯಾರ್ಥಿಯ ವಿವರ ಶಿಕ್ಷಣ ಇಲಾಖೆ ಮಕ್ಕಳ ದಾಖಲೆ ಇಡುವ ಸ್ಯಾಟ್ಸ್ ತಂತ್ರಾಂಶಕ್ಕೆ ಹೋಗುತ್ತದೆ. ಮುಂದೆ ವಿದ್ಯಾರ್ಥಿಗೆ ದೇಶಕ್ಕೆಲ್ಲ ಒಂದೇ ಆದ ಗುರುತಿನ ಸಂಖ್ಯೆ, ಅಂದರೆ ಅಪಾರ್ ಐಡಿ, ಮಾಡುವಾಗ ಶಾಲೆಯ ಹೆಸರೂ ಆಧಾರ್ ಹೆಸರೂ ಒಂದೇ ಇಲ್ಲವೆಂದು ಅರ್ಜಿ ನಿಲ್ಲುತ್ತದೆ. ವಿದ್ಯಾರ್ಥಿವೇತನದ ಅರ್ಜಿ, ಬ್ಯಾಂಕ್ ಖಾತೆ ಇವೂ ಅದೇ ಜಾಗದಲ್ಲಿ ಸಿಕ್ಕಿಬೀಳುತ್ತವೆ. ಚಿನ್ನು ಮತ್ತು ಲಾಸ್ಯ ಒಬ್ಬಳೇ ಎಂದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ.

ಸರಿಪಡಿಸುವ ಕ್ರಮ ಹೀಗೆ. ಮೊದಲು ಜನನ ನೋಂದಣಿ ಕಚೇರಿಯಲ್ಲಿ ಲಾಸ್ಯ ಎಂದು ಸೇರಿಸಿ ಹೊಸ ಪ್ರತಿ ಪಡೆಯಬೇಕು. ಆ ಪ್ರತಿ ಹಿಡಿದು ಆಧಾರ್ ಕೇಂದ್ರದಲ್ಲಿ ಹೆಸರು ತಿದ್ದಿಸಬೇಕು. ಅದು ಬಂದ ಮೇಲೆ ಶಾಲೆ, ಕೊನೆಗೆ ಬ್ಯಾಂಕು. ಆಧಾರ್‌ನ ಹೆಸರು ಜೀವಮಾನದಲ್ಲಿ ಎರಡೇ ಸಲ ಬದಲಿಸಲು ಅವಕಾಶ. ಮೊದಲು CHINNU ತೆಗೆದು LASYA ಮಾಡಿಸಿ, ಆಮೇಲೆ ಇನಿಷಿಯಲ್ ಬಿಟ್ಟುಹೋಯಿತೆಂದು ಮತ್ತೆ ಹೋದರೆ ಎರಡೂ ಖರ್ಚಾದವು. ಮದುವೆಯ ನಂತರ ಹೆಸರು ಬದಲಿಸಬೇಕೆಂದರೆ ಆ ಹುಡುಗಿಗೆ ಸಾಮಾನ್ಯ ದಾರಿಯಲ್ಲಿ ಉಳಿದಿರುವುದೇನೂ ಇಲ್ಲ. ಆದ್ದರಿಂದ ಆಧಾರ್ ಕೇಂದ್ರಕ್ಕೆ ಹೋಗುವ ಮುಂಚೆಯೇ ಪೂರ್ತಿ ಹೆಸರು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಒಂದು ಹಾಳೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿಟ್ಟುಕೊಳ್ಳಬೇಕು. ಎಲ್ಲ ಕಡೆಗೂ ಅದನ್ನೇ ನೋಡಿ ಬರೆಸಬೇಕು, ನೆನಪಿನಿಂದ ಹೇಳಬಾರದು.

ನೆನಪಿನಿಂದ ಹೇಳಿದರೆ ಏನಾಗುತ್ತದೆ ಎನ್ನುವುದಕ್ಕೆ ಕೀರ್ತಿ ಎಂಬ ಹೆಸರೇ ಸಾಕು. KEERTHI, KEERTI, KIRTHI, ಮೂರೂ ನಡೆಯುತ್ತವೆ, ಮೂರೂ ಬೇರೆಬೇರೆ ವ್ಯಕ್ತಿಗಳಾಗುತ್ತಾರೆ. ತಂದೆಯ ಹೆಸರಿನಲ್ಲೂ ಇದೇ ಗೋಳು: ಒಂದು ಕಡೆ MANJUNATH, ಇನ್ನೊಂದು ಕಡೆ MANJUNATHA. ಮಗುವಿನ ದಾಖಲೆಗೆ ತಂದೆತಾಯಿಯರ ಹೆಸರನ್ನು ಅವರವರ ಆಧಾರ್ ನೋಡಿಕೊಂಡೇ ಬರೆಸಿ. ತಾಯಿಗೆ ತವರಿನ ಹೆಸರೊಂದು, ಗಂಡನ ಮನೆಯಲ್ಲಿ ಇಟ್ಟ ಹೆಸರೊಂದು ಇದ್ದರಂತೂ ಇದು ಇನ್ನೂ ಮುಖ್ಯ.

ಇನಿಷಿಯಲ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಡಕ್. ನಮ್ಮಲ್ಲಿ ಊರಿನ ಅಕ್ಷರ, ತಂದೆಯ ಅಕ್ಷರ ಹಾಕುವುದು ರೂಢಿ. H M LASYA, LASYA H M, LASYA M ಎಂದು ಅದು ದಾಖಲೆಯಿಂದ ದಾಖಲೆಗೆ ಜಾಗ ಬದಲಿಸುತ್ತದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಆಗ ಅಂಕಪಟ್ಟಿಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಆಗುತ್ತದೆ. ಹಾಗೆಂದು ಬರೀ LASYA ಎಂದಷ್ಟೇ ಬಿಟ್ಟರೂ ತೊಡಕು: ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವ ಪ್ರವಾಸಿಗರಿಗೆ ಯುಎಇ 2022ರ ನವೆಂಬರಿನಿಂದ ನಿರ್ಬಂಧ ತಂದಿತು. ಹೊಸದಾಗಿ ಹೆಸರು ಬರೆಸುವವರಿಗೆ ನಾನು ಹೇಳುವುದು LASYA MANJUNATHA ಎಂದು ತಂದೆಯ ಅಥವಾ ತಾಯಿಯ ಹೆಸರನ್ನು ಪೂರ್ತಿಯಾಗಿ ಸೇರಿಸಿ ಎಂದು. ಉದ್ದವಾದರೂ ಬಿಡಿಸಿ ಬರೆಯುವ ಪ್ರಮೇಯ ಬರುವುದಿಲ್ಲ.

ಕೆಲವರು ಜಾಣತನ ಮಾಡಿ ‘ಲಾಸ್ಯ ಉರುಫ್ ಚಿನ್ನು’ ಎಂದು ಬರೆಸಲು ಕೇಳುತ್ತಾರೆ. ಬೇಡ. ಅದು ಜಮೀನಿನ ಹಳೆಯ ಪತ್ರಗಳಿಗೆ ಸರಿ. ಶಾಲೆಯ ಪುಸ್ತಕದಲ್ಲಿ ಬರೆದರೆ ಮೂರನೆಯದೊಂದು ಹೆಸರು ಹುಟ್ಟಿದಂತೆ. ಮನೆಯ ಹೆಸರೇ ಎಲ್ಲರಿಗೂ ಇಷ್ಟ, ಮಗುವೂ ಅದಕ್ಕೇ ಓಗೊಡುತ್ತದೆ ಎಂದಾದರೆ ಅದನ್ನೇ ಅಧಿಕೃತ ಮಾಡಿಬಿಡಿ, ತಪ್ಪೇನಿಲ್ಲ. ನಲವತ್ತರ ವಯಸ್ಸಿನಲ್ಲಿ ಆ ಹೆಸರಿನ ಫಲಕ ಬಾಗಿಲ ಮೇಲೆ ಒಪ್ಪುತ್ತದೆಯೇ ಎಂದು ಒಮ್ಮೆ ಯೋಚಿಸಿದರೆ ಸಾಕು.

ಶಾಲೆಗೆ ಸೇರಿ ಆದ ಮೇಲೆ ತಿಳಿದುಬಂದರೆ? ಜನನ ಪ್ರಮಾಣಪತ್ರ ಸರಿಯಿದ್ದು ಶಾಲೆಯ ಪುಸ್ತಕದಲ್ಲಿ ತಪ್ಪಿದ್ದರೆ ಮುಖ್ಯ ಶಿಕ್ಷಕರಿಗೆ ಲಿಖಿತ ಅರ್ಜಿ ಕೊಟ್ಟು ಆದಷ್ಟು ಬೇಗ ತಿದ್ದಿಸಿ. ಹತ್ತನೇ ತರಗತಿಯ ಪರೀಕ್ಷೆಗೆ ಹೆಸರು ಕಳುಹಿಸುವ ಮುಂಚೆ ಶಾಲೆಯವರು ವಿವರಗಳ ಪ್ರತಿ ತೋರಿಸಿ ಸಹಿ ಕೇಳುತ್ತಾರೆ. ಮಕ್ಕಳ ಕೈಯಲ್ಲೇ ಸಹಿ ಹಾಕಿಸಿ ಕಳುಹಿಸದೆ ಹಿರಿಯರೊಬ್ಬರು ಆಧಾರ್ ಹಿಡಿದು ಓದಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದುಪಡಿಗೆ ಹೋದರೆ ಮಂಡಳಿ ನೋಡುವುದು ಶಾಲೆಯ ಮೂಲ ದಾಖಲಾತಿ ಪುಸ್ತಕವನ್ನು. ಪುಸ್ತಕದಲ್ಲಿ ಸರಿಯಿದ್ದು ಅಂಕಪಟ್ಟಿಯಲ್ಲಿ ತಪ್ಪಾಗಿದ್ದರೆ ದಾರಿ ಇದೆ. ಪುಸ್ತಕದಲ್ಲೇ ಚಿನ್ನು ಎಂದಿದ್ದರೆ ಅದು ತಿದ್ದುಪಡಿ ಅಲ್ಲ, ಹೆಸರು ಬದಲಾವಣೆ. ಆಗ ಅಫಿಡವಿಟ್, ಪತ್ರಿಕೆಗಳಲ್ಲಿ ಪ್ರಕಟಣೆ, ರಾಜ್ಯಪತ್ರ. ಆ ಪ್ರಕಟಣೆಯಿರುವ ಪತ್ರಿಕೆಯ ಪೂರ್ತಿ ಪುಟವನ್ನು, ದಿನಾಂಕ ಕಾಣುವಂತೆ, ಕತ್ತರಿಸದೆ ಎತ್ತಿಡಿ. ಮುಂದೆ ಎಲ್ಲಿ ಅಂಕಪಟ್ಟಿ ತೋರಿಸಿದರೂ ಜೊತೆಗೆ ಅದನ್ನೂ ರಾಜ್ಯಪತ್ರದ ಪ್ರತಿಯನ್ನೂ ಇಡಬೇಕಾಗುತ್ತದೆ.