ಪಂಪಿನ ಹಿಡಿಕೆ ತೆಗೆದದ್ದು ಯಾವಾಗ? ನಾಲ್ಕು ನಿಮಿಷದ ಮ್ಯೂಸಿಯಂ ಚಿತ್ರಕ್ಕೆ ಸ್ಕ್ರಿಪ್ಟ್ ಬರೆದ ಅನುಭವ

1854ರ ಲಂಡನ್ ಕಾಲರಾ ಬಗ್ಗೆ ಮ್ಯೂಸಿಯಂ ಒಂದಕ್ಕೆ ನಾಲ್ಕು ನಿಮಿಷದ ಚಿತ್ರ ಬೇಕಾಗಿತ್ತು. ಸ್ಕ್ರಿಪ್ಟ್ ಬರೆಯುವ ಕೆಲಸ ನನ್ನದು. ಕತೆ ಬಹಳ ಜನಕ್ಕೆ ಗೊತ್ತಿರುವಂಥದ್ದೇ. ಸೋಹೋದ ಬ್ರಾಡ್ ಸ್ಟ್ರೀಟಿನಲ್ಲಿ ಜನ ಸಾಯುತ್ತಿದ್ದರು. ಡಾಕ್ಟರ್ ಜಾನ್ ಸ್ನೋ ಮ್ಯಾಪ್ ಬರೆದರು. ಬೀದಿಯ ನೀರಿನ ಪಂಪೇ ಕಾರಣ ಎಂದು ಅದರಿಂದ ಗೊತ್ತಾಯಿತು. ಪಂಪಿನ ಹಿಡಿಕೆ ತೆಗೆಸಿದರು, ಸಾವು ನಿಂತಿತು. ನಾಲ್ಕು ನಿಮಿಷಕ್ಕೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ?

ಆದರೆ ಇದರಲ್ಲಿ ಎರಡು ಕಡೆ ಸತ್ಯ ಜಾರಿದೆ. ಸ್ನೋ ಪಂಪಿನ ಮೇಲೆ ಸಂಶಯಪಟ್ಟು ಹಿಡಿಕೆ ತೆಗೆಸಿದ್ದು ಮೊದಲು, ಆ ಪ್ರಸಿದ್ಧ ಮ್ಯಾಪ್ ತಯಾರಾದದ್ದು ಆಮೇಲೆ. ಇನ್ನು ಹಿಡಿಕೆ ತೆಗೆಯುವ ಹೊತ್ತಿಗೆ ಕಾಯಿಲೆ ಆಗಲೇ ಇಳಿದುಹೋಗಿತ್ತು. ಇದನ್ನು ಸ್ನೋ ಅವರೇ ತಮ್ಮ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. ಜನ ಊರು ಬಿಟ್ಟು ಓಡಿದ್ದರಿಂದಲೇ ಸಾವು ಬಹಳ ಕಡಿಮೆಯಾಗಿತ್ತು ಅಂತ ಬರೆದಿದ್ದಾರೆ.

ಆರು ವರ್ಷದ ಮಗು, ಕಾಲೇಜು ಹುಡುಗಿ, ಎಪ್ಪತ್ತರ ಅಜ್ಜ ಒಂದೇ ಬೆಂಚಿನಲ್ಲಿ ಕೂತು ನೋಡುವ ಚಿತ್ರ ಇದು. ಅವರಿಗೆಲ್ಲ ಇದನ್ನು ಸತ್ಯವಾಗಿಯೂ ಸುಲಭವಾಗಿಯೂ ಹೇಳಬೇಕಿತ್ತು. ಅದಕ್ಕೆ ಏನು ಮಾಡಿದೆವು ಅಂತ ಹೇಳುತ್ತೇನೆ.

ಮೊದಲು ಸಮಯದ ಲೆಕ್ಕ. ನಾಲ್ಕು ನಿಮಿಷ ಅಂದರೆ 240 ಸೆಕೆಂಡ್. ಕನ್ನಡದ ಪದಗಳು ಉದ್ದ. ವಿಭಕ್ತಿ, ಕ್ರಿಯಾಪದ ಎಲ್ಲ ಅಂಟಿಕೊಂಡೇ ಬರುತ್ತವೆ. ಹಾಗಾಗಿ ಆರಾಮವಾಗಿ ಓದಿದರೆ ನನ್ನ ಅಳತೆಯಲ್ಲಿ ನಿಮಿಷಕ್ಕೆ ಎಂಬತ್ತು, ತೊಂಬತ್ತು ಪದ ಆಗುತ್ತದೆ. ಪೂರ್ತಿ ಮಾತು ತುಂಬಿಸಿದರೂ 360 ಪದ ದಾಟುವುದಿಲ್ಲ. ನಾನು ಇಟ್ಟುಕೊಂಡದ್ದು 220ರ ಆಸುಪಾಸು. ಉಳಿದ ಹೊತ್ತು ಚಿತ್ರಕ್ಕೆ ಮತ್ತು ಶಬ್ದಕ್ಕೆ. ಮಗು ಪರದೆಯಲ್ಲಿ ಏನನ್ನೋ ಕಂಡು ಅಪ್ಪನಿಗೆ ತೋರಿಸಬೇಕಾದರೆ ನಿರೂಪಕ ಸುಮ್ಮನಿರಬೇಕು. ಆ ಮೌನವನ್ನೂ ಸ್ಕ್ರಿಪ್ಟಿನಲ್ಲಿ ಸೆಕೆಂಡ್ ಸಮೇತ ಬರೆಯಬೇಕು. ಬರೆಯದಿದ್ದರೆ ಎಡಿಟಿಂಗ್ ಹೊತ್ತಿನಲ್ಲಿ ಯಾರಾದರೂ ಅಲ್ಲೊಂದು ವಾಕ್ಯ ತುರುಕುತ್ತಾರೆ.

ಸ್ಕ್ರಿಪ್ಟ್ ಬರೆಯುವುದು ಮೂರು ಕಾಲಂನಲ್ಲಿ: ಸಮಯ, ದೃಶ್ಯ, ಧ್ವನಿ. ನಾನು ದೃಶ್ಯದ ಕಾಲಂ ಅನ್ನು ಪೂರ್ತಿ ಮುಗಿಸಿ ಆಮೇಲೆ ಧ್ವನಿಗೆ ಕೈ ಹಾಕುತ್ತೇನೆ. ಶಬ್ದ ನಿಲ್ಲಿಸಿ ಬರೀ ಚಿತ್ರ ನೋಡಿದರೂ ಕತೆ ಅರ್ಥವಾಗಬೇಕು. ಗಲಾಟೆಯ ಗ್ಯಾಲರಿಯಲ್ಲಿ ಎಷ್ಟೋ ಜನ ನೋಡುವುದು ಹಾಗೆಯೇ. ಕಿವಿ ಕೇಳಿಸದವರಿಗೆ ಕ್ಯಾಪ್ಷನ್ ಇರುತ್ತದೆ, ಅದೂ ಎರಡು ಸಾಲು ಮೀರಬಾರದು. ಓದಲು ಕಲಿಯುತ್ತಿರುವ ಮಗು ಓದಿ ಮುಗಿಸುವಷ್ಟು ಹೊತ್ತು ಅದು ಪರದೆಯ ಮೇಲೆ ನಿಲ್ಲಬೇಕು.

ಇನ್ನು ಸಾವಿನ ವಿಷಯ. ಆಗಸ್ಟ್ 31ರ ರಾತ್ರಿ ಕಾಯಿಲೆ ಸ್ಫೋಟಿಸಿತು. ಒಟ್ಟು 616 ಜನ ತೀರಿಕೊಂಡರು. ಇದನ್ನು ಮಕ್ಕಳ ಎದುರು ಹೇಗೆ ತೋರಿಸುವುದು? ಹೆಣ ತೋರಿಸುವುದು ಬೇಡ ಅಂತ ಎಲ್ಲರೂ ಒಪ್ಪಿದ್ದೆವು. ಆದರೆ ಬರೀ ಅಂಕಿ ಹೇಳಿದರೆ ಯಾರ ಮನಸ್ಸಿಗೂ ತಟ್ಟುವುದಿಲ್ಲ. ಉತ್ತರ ಸ್ನೋ ಮ್ಯಾಪಿನಲ್ಲೇ ಇತ್ತು. ಅವರು ಪ್ರತಿ ಸಾವಿಗೆ ಒಂದು ಸಣ್ಣ ಕಪ್ಪು ಪಟ್ಟಿ ಬರೆದು, ಆಯಾ ಮನೆಯ ಮುಂದೆ ಒಂದರ ಮೇಲೊಂದು ಜೋಡಿಸಿದ್ದಾರೆ. ನಾವು ಬೀದಿಯನ್ನು ಮೇಲಿನಿಂದ ತೋರಿಸಿ, ದಿನ ಸರಿದ ಹಾಗೆ ಪಟ್ಟಿಗಳು ಒಂದೊಂದಾಗಿ ಬೀಳುವಂತೆ ಮಾಡಿದೆವು. 'ಒಂದು ಪಟ್ಟಿ, ಒಬ್ಬ ಮನುಷ್ಯ' ಅಂತ ನಿರೂಪಕ ಒಮ್ಮೆ ಮಾತ್ರ ಹೇಳುತ್ತಾನೆ. ಆಮೇಲೆ ಮಾತಿಲ್ಲ. ಮಕ್ಕಳು ಎಣಿಸಲು ಶುರು ಮಾಡುತ್ತಾರೆ, ಸ್ವಲ್ಪ ಹೊತ್ತಿಗೆ ಎಣಿಸಲು ಆಗುವುದಿಲ್ಲ. ದೊಡ್ಡವರಿಗೂ ಅಷ್ಟೇ ಸಾಕು. ಒಂದು ಎಚ್ಚರ ಮಾತ್ರ ಇಟ್ಟುಕೊಂಡೆವು: ಸ್ನೋ ಮ್ಯಾಪ್ ಎದುರು ನಿಂತು ಯೋಚಿಸುವ ದೃಶ್ಯ ಎಲ್ಲೂ ಇಲ್ಲ. ಅದಿದ್ದರೆ ಮ್ಯಾಪಿನಿಂದಲೇ ಪಂಪ್ ಸಿಕ್ಕಿತು ಅನ್ನುವ ಅರ್ಥ ಬಂದುಬಿಡುತ್ತದೆ.

ಹಾಗಾದರೆ ಸ್ನೋಗೆ ಪಂಪೇ ಕಾರಣ ಅನ್ನುವ ನಂಬಿಕೆ ಗಟ್ಟಿಯಾದದ್ದು ಹೇಗೆ? ಮನೆಮನೆಗೆ ಹೋಗಿ ವಿಚಾರಿಸಿ. ಚಿತ್ರದ ನಡುಭಾಗ ಪೂರ್ತಿ ಇದಕ್ಕೇ ಕೊಟ್ಟೆವು, ಯಾಕೆಂದರೆ ಎಲ್ಲ ವಯಸ್ಸಿನವರೂ ಸೇರಿ ತಲೆ ಓಡಿಸಬಹುದಾದ ಜಾಗ ಇದೇ. ಪಂಪಿನ ಹತ್ತಿರದಲ್ಲೇ ಒಂದು ಬಿಯರ್ ಕಾರ್ಖಾನೆ ಇತ್ತು. ಅಲ್ಲಿ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರು. ಕಾಲರಾದಿಂದ ಒಬ್ಬರೂ ಸಾಯಲಿಲ್ಲ. ಅವರಿಗೆ ಕುಡಿಯಲು ಬಿಯರ್ ಸಿಗುತ್ತಿತ್ತು, ಕಾರ್ಖಾನೆಯಲ್ಲಿ ಸ್ವಂತ ಬಾವಿಯೂ ಇತ್ತು. ಹತ್ತಿರದ ಬಡವರ ಆಶ್ರಯಧಾಮದಲ್ಲಿ 535 ಜನ, ಸತ್ತವರು ಐದು. ಅಲ್ಲೂ ಬೇರೆ ಬಾವಿ. ಇನ್ನೊಂದು ಕಡೆ, ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆ ಕಾಲರಾದಿಂದ ತೀರಿಕೊಂಡಳು. ಅವಳು ಎಷ್ಟೋ ತಿಂಗಳಿಂದ ಬ್ರಾಡ್ ಸ್ಟ್ರೀಟ್ ಕಡೆ ಬಂದೇ ಇರಲಿಲ್ಲ. ಆದರೆ ಆ ಪಂಪಿನ ನೀರೆಂದರೆ ಅವಳಿಗೆ ಇಷ್ಟ, ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದಳು.

ಮೂರನ್ನೂ ಹಾಕಬೇಕೇ ಅನ್ನುವ ಚರ್ಚೆ ನಡೆಯಿತು. ನಾನು ಆಶ್ರಯಧಾಮವನ್ನು ಬಿಟ್ಟೆ. ಅದು ಕಾರ್ಖಾನೆ ಹೇಳಿದ್ದನ್ನೇ ಹೇಳುತ್ತದೆ, ಮೇಲಾಗಿ ಎರಡು ಅಂಕಿ ಬೇರೆ ಹೊತ್ತು ತರುತ್ತದೆ. ಉಳಿದ ಎರಡು ಒಂದಕ್ಕೊಂದು ಎದುರು: ಪಂಪಿನ ಹತ್ತಿರ ಇದ್ದೂ ಬದುಕಿದವರು, ದೂರ ಇದ್ದೂ ಸತ್ತವಳು. ಆ ಕಾಲದಲ್ಲಿ ಬಹುತೇಕರು ಕಾಲರಾ ಕೆಟ್ಟ ಗಾಳಿಯಿಂದ ಬರುತ್ತದೆ ಅಂತ ನಂಬಿದ್ದರು. ಗಾಳಿಯೇ ಕಾರಣವಾಗಿದ್ದರೆ ಈ ಎರಡೂ ಆಗುತ್ತಿರಲಿಲ್ಲ. ಸ್ಕ್ರಿಪ್ಟಿನ ಆ ಭಾಗ ಹೀಗಿದೆ:

1:20, ದೃಶ್ಯ: ಕಾರ್ಖಾನೆ ಬಾಗಿಲು. ಕೆಲಸಗಾರರು ನಗುತ್ತಾ ಹೊರಗೆ ಬರುತ್ತಾರೆ. ಪಂಪ್ ಅದೇ ಚೌಕಟ್ಟಿನಲ್ಲಿ ಕಾಣುತ್ತಿದೆ.
ಧ್ವನಿ: ಇವರು ಪಂಪಿನ ಪಕ್ಕದಲ್ಲೇ ಕೆಲಸ ಮಾಡುತ್ತಾರೆ. ಒಬ್ಬರೂ ಸಾಯಲಿಲ್ಲ.

1:32, ದೃಶ್ಯ: ಬಿಯರ್ ಪೀಪಾಯಿ. ಅಂಗಳದ ಬಾವಿ.
ಧ್ವನಿ: (ಆರು ಸೆಕೆಂಡ್ ಮಾತಿಲ್ಲ.) ಇವರು ಆ ನೀರು ಕುಡಿಯುವುದಿಲ್ಲ.

1:45, ದೃಶ್ಯ: ಪಂಪಿನಿಂದ ಬಾಟಲಿ ತುಂಬುತ್ತದೆ. ಗಾಡಿ ದೂರ ಹೋಗುತ್ತದೆ. ಕಿಟಕಿಯ ಬಳಿ ಅಜ್ಜಿ.
ಧ್ವನಿ: ಇವಳು ಇರುವುದು ಬಹಳ ದೂರ. ಅಲ್ಲಿನ ಗಾಳಿ ಚೆನ್ನಾಗಿದೆ. ಆದರೂ ಸತ್ತಳು.

ವಿಧವೆ ನೀರು ತರಿಸಿಕೊಂಡಳು ಅಂತ ಧ್ವನಿ ಹೇಳುವುದೇ ಇಲ್ಲ. ಬಾಟಲಿ, ಗಾಡಿ ಕಣ್ಣೆದುರೇ ಇವೆ. ಹುಡುಗರು ಅಲ್ಲೇ 'ನೀರು, ನೀರು' ಅನ್ನುತ್ತಾರೆ.

ವಾಕ್ಯದ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ವಿಷಯ ಗೊತ್ತಾಗುವುದೇ ಅಲ್ಲಿ. 'ಹೋಗಿ, ನೋಡಿ, ಕೇಳಿ' ಅಂತ ಪೋಣಿಸುತ್ತಾ ಹೋದರೆ ಕೇಳುವವರು ಕಾಯುತ್ತಲೇ ಇರುತ್ತಾರೆ, ಅಷ್ಟರಲ್ಲಿ ಚಿತ್ರ ಮುಂದೆ ಹೋಗಿರುತ್ತದೆ. ಅದಕ್ಕೆ ವಾಕ್ಯಗಳನ್ನು ಚಿಕ್ಕದಾಗಿ ಇಟ್ಟೆ. ಚಿತ್ರ ಬದಲಾಗುವುದು ವಾಕ್ಯದ ಕೊನೆಯ ಪದದ ಮೇಲೆ ಅಂತ ದೃಶ್ಯದ ಕಾಲಂನಲ್ಲೇ ಗುರುತು ಹಾಕಿದೆ.

ಈಗ ಹಿಡಿಕೆಯ ವಿಷಯಕ್ಕೆ ಬರುತ್ತೇನೆ. ಸೆಪ್ಟೆಂಬರ್ 7ರ ಸಂಜೆ ಸ್ನೋ ಸ್ಥಳೀಯ ಮಂಡಳಿಯ ಮುಂದೆ ಹೋದರು. ಮರುದಿನ ಹಿಡಿಕೆ ತೆಗೆದರು. ಈ ಭಾಗಕ್ಕೆ ಎರಡು ಕರಡು ಮಾಡಿಕೊಂಡೆವು. ಎರಡೂ ಸ್ಟಿಲ್ ಚಿತ್ರ ಜೋಡಿಸಿ, ನನ್ನದೇ ಧ್ವನಿ ಹಾಕಿದ ಕಚ್ಚಾ ರೂಪ. ಮೊದಲನೆಯದರಲ್ಲಿ ಹಿಡಿಕೆ ತೆಗೆಯುತ್ತಾರೆ, ಬೀದಿ ಶಾಂತವಾಗುತ್ತದೆ, ನಿರೂಪಕ 'ಆದರೆ ಕಾಯಿಲೆ ಆಗಲೇ ಇಳಿಯುತ್ತಿತ್ತು' ಅನ್ನುತ್ತಾನೆ. ಎರಡನೆಯದರಲ್ಲಿ ಆ ವಾಕ್ಯವನ್ನು ಚಿತ್ರ ಮಾಡಿದೆವು.

ಮ್ಯೂಸಿಯಂಗೆ ಬಂದವರಲ್ಲಿ ಬೇರೆ ಬೇರೆ ವಯಸ್ಸಿನವರಿಗೆ ತೋರಿಸಿ, ಒಂದೇ ಪ್ರಶ್ನೆ ಕೇಳಿದೆವು: 'ಏನಾಯಿತು ಅಂತ ಹೇಳಿ.' ಅರ್ಥ ಆಯ್ತಾ ಅಂತ ಕೇಳಲೇಬಾರದು, ಎಲ್ಲರೂ ಹೂಂ ಅನ್ನುತ್ತಾರೆ. ಮೊದಲ ಕರಡು ನೋಡಿದ ಹುಡುಗ, 'ಹಿಡಿಕೆ ತೆಗೆದ್ರು, ಕಾಯಿಲೆ ನಿಂತೋಯ್ತು' ಅಂದ. ಅವನ ಅಮ್ಮನೂ ಅದನ್ನೇ ಹೇಳಿದರು. ನಿರೂಪಕನ ಮಾತು ಸ್ಪಷ್ಟವಾಗಿಯೇ ಇತ್ತು, ಅವರು ಕೇಳಿಯೂ ಇದ್ದರು. ಆದರೆ ಹಿಡಿಕೆ ಆದ ಮೇಲೆ ಶಾಂತ ಬೀದಿ ಬಂದರೆ ಕಣ್ಣು ಅವೆರಡನ್ನೂ ಗಂಟು ಹಾಕಿಬಿಡುತ್ತದೆ. ಆ ಗಂಟನ್ನು ಮಾತಿನಿಂದ ಬಿಚ್ಚಲು ಆಗುವುದಿಲ್ಲ.

ಎರಡನೆಯ ಕರಡಿಗೆ ಸ್ನೋ ಅವರದೇ ಕೋಷ್ಟಕ ಬಳಸಿದೆವು. ತೀರಿಕೊಂಡವರಲ್ಲಿ ಯಾರು ಯಾವ ದಿನ ಹಾಸಿಗೆ ಹಿಡಿದರು ಅನ್ನುವ ಲೆಕ್ಕ ಅದರಲ್ಲಿದೆ. ಸೆಪ್ಟೆಂಬರ್ 1ರಂದು 143 ಜನ. 4ರಂದು 46. ಹಿಡಿಕೆ ತೆಗೆದ 8ರಂದು 12. ಕಪ್ಪು ಪಟ್ಟಿಗಳು ಮ್ಯಾಪಿನಿಂದ ಎದ್ದು ದಿನಕ್ಕೊಂದು ಕಂಬವಾಗಿ ನಿಲ್ಲುತ್ತವೆ. ಎತ್ತರದ ಕಂಬ, ಆಮೇಲೆ ಗಿಡ್ಡ, ಇನ್ನೂ ಗಿಡ್ಡ. ಜೊತೆಗೆ ಬೀದಿಯಲ್ಲಿ ಗಂಟುಮೂಟೆ ಹೊತ್ತು ಹೊರಡುವ ಸಂಸಾರಗಳು. ಎಲ್ಲಕ್ಕಿಂತ ಗಿಡ್ಡದರಲ್ಲಿ ಒಂದು ಕಂಬದ ಪಕ್ಕ ಹಿಡಿಕೆ ಬಂದು ನಿಲ್ಲುತ್ತದೆ. ಇದನ್ನು ನೋಡಿದವರು ಅಲ್ಲೇ ಕೇಳುತ್ತಿದ್ದರು: ಹಾಗಾದರೆ ಹಿಡಿಕೆ ತೆಗೆದದ್ದು ದಂಡವಾ?

ಚಿತ್ರದ ಕೊನೆಯ ಒಂದು ನಿಮಿಷ ಈ ಪ್ರಶ್ನೆಗೆ ಉತ್ತರ. ಹೆನ್ರಿ ವೈಟ್‌ಹೆಡ್ ಅಲ್ಲಿನ ಪಾದ್ರಿ. ಸ್ನೋ ಹೇಳಿದ್ದು ಸುಳ್ಳು ಅಂತ ತೋರಿಸಲು ಹೊರಟು, ವಿಚಾರಿಸುತ್ತಾ ಹೋಗಿ, ಕೊನೆಗೆ ತಾವೇ ಒಪ್ಪಿಕೊಂಡವರು. ಪಂಪಿನ ಎದುರಿಗೇ ಇದ್ದ 40ನೇ ನಂಬರಿನ ಮನೆಯ ಮಗುವಿಗೆ ಭೇದಿ ಶುರುವಾಗಿತ್ತು ಅಂತ ಅವರು ಪತ್ತೆ ಮಾಡಿದರು. ತಾಯಿ ಮಗುವಿನ ಬಟ್ಟೆ ತೊಳೆದ ನೀರನ್ನು ಮನೆಯ ಮಲಗುಂಡಿಗೆ ಸುರಿದಿದ್ದಳು. ಗುಂಡಿಯ ಇಟ್ಟಿಗೆ ಶಿಥಿಲವಾಗಿತ್ತು, ಬಾವಿ ಅಲ್ಲಿಂದ ಮೂರಡಿಯೂ ದೂರ ಇರಲಿಲ್ಲ. ಅದೇ ಮಗುವಿನ ತಂದೆ ಕಾಲರಾದಿಂದ ಮಲಗಿದ್ದು ಸೆಪ್ಟೆಂಬರ್ 8ರಂದು, ಹಿಡಿಕೆ ತೆಗೆದ ದಿನವೇ. ಹಿಡಿಕೆ ಇದ್ದಿದ್ದರೆ ವಿಷ ಮತ್ತೊಮ್ಮೆ ಅದೇ ದಾರಿಯಲ್ಲಿ ಬಾವಿಗೆ ಇಳಿದು, ಎರಡನೇ ಬಾರಿ ಕಾಯಿಲೆ ಏಳಬಹುದಿತ್ತು.

ಈ ಭಾಗದಲ್ಲಿ ಮಗುವಿನ ಮುಖ ತೋರಿಸಲಿಲ್ಲ. ಬಕೆಟ್, ಬಟ್ಟೆ, ನೆಲವನ್ನು ಸೀಳಿ ತೋರಿಸುವ ಒಂದು ಚಿತ್ರ. ಗುಂಡಿ ಒಂದು ಕಡೆ, ಬಾವಿ ಇನ್ನೊಂದು ಕಡೆ, ನಡುವೆ ಜಿನುಗುವ ನೀರು. ಬ್ಯಾಕ್ಟೀರಿಯಾ ಅನ್ನುವ ಪದ ಎಲ್ಲೂ ಬಳಸಲಿಲ್ಲ. ಸ್ನೋಗೆ ಅದು ಗೊತ್ತಿರಲಿಲ್ಲ. ನೋಡುವವರಿಗೂ ಈ ನಾಲ್ಕು ನಿಮಿಷದಲ್ಲಿ ಅದು ಬೇಕಾಗಿಲ್ಲ. ಪಕ್ಕದ ಫಲಕದಲ್ಲಿ ಅದರ ವಿವರ ಇದೆ. ತಾಯಿಯ ಮೇಲೆ ತಪ್ಪು ಹೊರಿಸಿದಂತೆ ಆಗಬಾರದು ಅಂತ 'ಆಗ ಎಲ್ಲರೂ ಹೀಗೆಯೇ ಮಾಡುತ್ತಿದ್ದರು' ಅನ್ನುವ ಸಾಲನ್ನು ಮಾತ್ರ ಹಟ ಹಿಡಿದು ಉಳಿಸಿಕೊಂಡೆ.

ಕೊನೆಯದು, ನಡುವೆ ಬಂದು ಕೂರುವವರ ಸಂಗತಿ. ಇಂಥ ಚಿತ್ರ ದಿನವಿಡೀ ಸುತ್ತುತ್ತಲೇ ಇರುತ್ತದೆ, ಮೊದಲಿನಿಂದ ನೋಡಲು ಸಿಗುವವರು ಕಡಿಮೆ. ಅದಕ್ಕೆ ಪರದೆಯ ಕೆಳಗೆ ಉದ್ದಕ್ಕೂ ಒಂದು ದಿನಾಂಕದ ಪಟ್ಟಿ ಓಡುತ್ತದೆ, ಆಗಸ್ಟ್ 31ರಿಂದ ಸೆಪ್ಟೆಂಬರ್ 8ರವರೆಗೆ. ಸೆಪ್ಟೆಂಬರ್ 3ಕ್ಕೆ ಬಂದು ಕೂತವರಿಗೂ ತಾವು ಎಲ್ಲಿದ್ದೇವೆ ಅಂತ ತಿಳಿಯುತ್ತದೆ. ಪ್ರತಿ ಭಾಗದ ಮೊದಲ ವಾಕ್ಯದಲ್ಲಿ 'ಅವರು', 'ಅದು' ಬಳಸದೆ 'ಡಾಕ್ಟರ್ ಸ್ನೋ', 'ಪಂಪ್' ಅಂತಲೇ ಹೇಳಿಸಿದೆ. ಮುಗಿದ ಮೇಲೆ ಹನ್ನೆರಡು ಸೆಕೆಂಡ್ ಪರದೆ ಮೇಲೆ 'ಮುಂದಿನ ಪ್ರದರ್ಶನ ಈಗ ಶುರು' ಅಂತ ಬರುತ್ತದೆ. ಏಳುವವರು ಏಳಲು, ಕೂರುವವರು ಕೂರಲು ಅಷ್ಟು ಹೊತ್ತು ಬೇಕೇ ಬೇಕು. ಇದು 240 ಸೆಕೆಂಡಿನ ಹೊರಗಿನ ಲೆಕ್ಕ ಅಂತ ಒಪ್ಪಂದದಲ್ಲೇ ಬರೆಸಿಕೊಂಡಿದ್ದೆ.